ನೇರ ಎಂಆರ್‌ಐ ಬೇಡ, ಸುಮ್ನೆ ಕಾಯುವುದೂ ಬೇಡ

"ನನಗೆ 43. ಮುಟ್ಟು 9 ದಿನ ಹೋಗ್ತಿದೆ, ಕಿಬ್ಬೊಟ್ಟೆಯಲ್ಲಿ ಭಾರ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇರಬಹುದಾ? ನೇರ ಎಂಆರ್‌ಐ ಮಾಡಿಸಲಾ, ಇಲ್ಲಾ ಮುಟ್ಟು ನಿಲ್ಲೋ ಕಾಲ ಅಂತ ಕಾಯಲಾ?"

ಎರಡೂ ಬೇಡ. ನಾನು ಒಂದೂವರೆ ವರ್ಷ ಕಾದವಳು. ಆಗ ನನಗೆ 46. ಮಂಡ್ಯದಿಂದ ಮೈಸೂರಿಗೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಮನೆಯಲ್ಲಿ ಮೂತ್ರಕ್ಕೆ ಹೋಗಿ ಬಂದು ಹತ್ತಿದರೂ ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಮತ್ತೆ ತಡೆಯಲು ಆಗುತ್ತಿರಲಿಲ್ಲ. ಮುಟ್ಟಿನ ದಿನ ಸೀರೆ ಕೆಡುತ್ತದೆ ಅಂತ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಿದ್ದೆ.

ನಾನು ಮಾಡಿದ ತಪ್ಪು ಒಂದೇ. ಒಂದೇ ಕಾಯಿಲೆಯನ್ನು ಎರಡು ತುಂಡು ಮಾಡಿ ಇಬ್ಬರು ಡಾಕ್ಟರಿಗೆ ಹೇಳಿದೆ. ಒಬ್ಬರ ಹತ್ತಿರ ಬರೀ ಮೂತ್ರದ ವಿಷಯ. ಅವರು ಸೋಂಕು ಅಂದುಕೊಂಡು ಎರಡು ಸಲ ಮಾತ್ರೆ ಕೊಟ್ಟರು, ಆಮೇಲೆ ಪರೀಕ್ಷೆ ಮಾಡಿಸಿದರೆ ಸೋಂಕೇ ಇರಲಿಲ್ಲ. ಇನ್ನೊಬ್ಬರ ಹತ್ತಿರ ಬರೀ ಸುಸ್ತು. ಹಿಮೋಗ್ಲೋಬಿನ್ 7.4 ಬಂತು, ಕಬ್ಬಿಣದ ಮಾತ್ರೆ ಬರೆದರು. ರಕ್ತ ಎಲ್ಲಿ ಹೋಗುತ್ತಿದೆ ಅಂತ ಅವರು ಕೇಳಲಿಲ್ಲ, ನಾಚಿಕೆಗೆ ನಾನೂ ಬಾಯಿ ಬಿಡಲಿಲ್ಲ. ಮಾತ್ರೆಯಿಂದ ಸ್ವಲ್ಪ ಏರಿದ್ದು ಮುಂದಿನ ಮುಟ್ಟಿನಲ್ಲಿ ಇಳಿದುಹೋಗುತ್ತಿತ್ತು.

ಕೊನೆಗೆ ಸ್ತ್ರೀರೋಗ ತಜ್ಞರ ಮುಂದೆ ಕೂತು ಎರಡನ್ನೂ ಒಟ್ಟಿಗೆ ಹೇಳಿದೆ. ದಿನಕ್ಕೆ ಎಷ್ಟು ಪ್ಯಾಡ್, ಹೆಪ್ಪು ಬೀಳುತ್ತದಾ, ರಾತ್ರಿ ಎದ್ದು ಬದಲಿಸಬೇಕಾ ಅಂತ ಕೇಳಿದರು. ಆಮೇಲೆ ಮಲಗಿಸಿ ಒಳಗೊಂದು ಕೈ, ಹೊಟ್ಟೆ ಮೇಲೊಂದು ಕೈ ಇಟ್ಟು ನೋಡಿ, ಗರ್ಭಕೋಶ 14 ವಾರದ ಬಸುರಿನಷ್ಟು ದಪ್ಪ ಆಗಿದೆ ಎಂದರು. ಸ್ಕ್ಯಾನ್‌ಗೆ ಮುಂಚೆಯೇ ಕೈಗೆ ಸಿಕ್ಕಿತ್ತು!

ಅಲ್ಟ್ರಾಸೌಂಡ್ ಎರಡು ಥರ ಆಯಿತು. ಮೊದಲು ನೀರು ಕುಡಿಸಿ ಹೊಟ್ಟೆ ಮೇಲಿಂದ, ಆಮೇಲೆ ಮೂತ್ರ ಮಾಡಿ ಬಂದ ಮೇಲೆ ಯೋನಿಯ ಒಳಗಿಂದ. ಮುಂದಿನ ಗೋಡೆಯಲ್ಲಿ 7 ಸೆಂಟಿಮೀಟರಿನ ಗಡ್ಡೆ ಮೂತ್ರಚೀಲವನ್ನು ಒತ್ತುತ್ತಿತ್ತು. ಆದರೆ ರಕ್ತಕ್ಕೆ ಮುಖ್ಯ ಕಾರಣ ಅದಲ್ಲ, ಗರ್ಭಕೋಶದ ಒಳಗಿನ ಜಾಗಕ್ಕೆ ಚಾಚಿಕೊಂಡಿದ್ದ 2 ಸೆಂಟಿಮೀಟರಿನ ಇನ್ನೊಂದು. ಅದು ಸರಿಯಾಗಿ ಕಾಣಲಿ ಅಂತ ಸಣ್ಣ ನಳಿಕೆಯಲ್ಲಿ ಸಲೈನ್ ನೀರು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದರು. ಅದಕ್ಕೇ ರಿಪೋರ್ಟಿನಲ್ಲಿ ಅಳತೆ ಮಾತ್ರ ನೋಡಬೇಡಿ, ಗಡ್ಡೆ ಎಲ್ಲಿದೆ ಅಂತ ಕೇಳಿ. ಒಳಗೆ ಚಾಚಿದ್ದು ಚಿಕ್ಕದಿದ್ದರೂ ಜಾಸ್ತಿ ರಕ್ತ ಹೋಗುವಂತೆ ಮಾಡಬಹುದು. ಹೊರಗೆ ಬೆಳೆದದ್ದು ದೊಡ್ಡದಾದರೂ ಬರೀ ಒತ್ತಬಹುದು.

45 ದಾಟಿದ್ದರಿಂದ ನನ್ನ ಗರ್ಭಕೋಶದ ಒಳಪದರದ ಚೂರನ್ನೂ ತೆಗೆದು ಪರೀಕ್ಷೆಗೆ ಕಳಿಸಿದರು. ಗಡ್ಡೆ ಸಿಕ್ಕಿತಲ್ಲ ಅಂತ ಅದನ್ನು ಬಿಡುವ ಹಾಗಿಲ್ಲ, ರಕ್ತಸ್ರಾವಕ್ಕೆ ಇನ್ನೊಂದು ಕಾರಣವೂ ಜೊತೆಗಿರಬಹುದು. ಎಂಆರ್‌ಐ ಬೇಕಾಗುವುದು ಗಡ್ಡೆಗಳು ತುಂಬಾ ಇದ್ದಾಗ, ಆಪರೇಷನ್ ಹೇಗೆ ಅಂತ ಯೋಚಿಸುವಾಗ, ಇಲ್ಲಾ ಅಲ್ಟ್ರಾಸೌಂಡಿನಲ್ಲಿ ಸ್ಪಷ್ಟ ಆಗದಿದ್ದಾಗ. ನಿಮಗೆ ಈಗಲೇ ಯಾಕೆ?

ಈ ತಿಂಗಳು ಪ್ಯಾಡಿನ ಲೆಕ್ಕ ಕ್ಯಾಲೆಂಡರಿನಲ್ಲೇ ಬರೆದಿಡಿ, ಮೂತ್ರದ ತೊಂದರೆ ಇದ್ದರೆ ಅದನ್ನೂ ಪಕ್ಕದಲ್ಲೇ ಬರೆಯಿರಿ, ಅದನ್ನೇ ಡಾಕ್ಟರಿಗೆ ತೋರಿಸಿ. ಗಂಟೆಗೊಂದು ಪ್ಯಾಡ್ ತುಂಬುತ್ತಿದ್ದರೆ, ಇಲ್ಲಾ ಎದ್ದರೆ ಕಣ್ಣು ಕತ್ತಲೆ ಬರುತ್ತಿದ್ದರೆ ಮಾತ್ರ ಲೆಕ್ಕ ಬರೆಯುತ್ತಾ ಕೂರಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.