ಹೊಗಳಿಕೆಯ ಪದ್ಯದಲ್ಲಿ ಭಯ ಎಲ್ಲಿ ಅಡಗಿರುತ್ತದೆ?

"ಕನ್ನಡವನ್ನು ಹೊಗಳುವ ಪದ್ಯಗಳಲ್ಲಿ ಬರೀ ಹೆಮ್ಮೆ ಇದೆಯಾ, ಭಾಷೆ ಹೋಗಿಬಿಡುತ್ತೆ ಅನ್ನೋ ಆತಂಕವೂ ಇದೆಯಾ? ಸಾಲುಗಳಲ್ಲಿ ಅದನ್ನ ಹೇಗೆ ಗುರುತಿಸೋದು?"

ನಾನು ಮೊದಲು ಹೋಲಿಕೆಗಳನ್ನು ಬಿಟ್ಟು ಕ್ರಿಯಾಪದ ನೋಡುತ್ತೇನೆ. ಆಮೇಲೆ ಪದ್ಯ ಯಾರ ಜೊತೆ ಮಾತಾಡ್ತಿದೆ ಅಂತ ಹುಡುಕುತ್ತೇನೆ.

ಮಹಲಿಂಗರಂಗನ 'ಸುಲಿದ ಬಾಳೆಯ ಹಣ್ಣಿನಂದದಿ' ಪದ್ಯ ನಮಗೆ ಶಾಲೆಯಲ್ಲಿ ಬಾಯಿಪಾಠ ಇತ್ತು. ಸುಲಿದ ಬಾಳೆಹಣ್ಣು, ಸಿಪ್ಪೆ ತೆಗೆದ ಕಬ್ಬು, ಬಿಸಿ ಆರಿದ ಹಾಲು. ಮೂರರಲ್ಲೂ ಕಷ್ಟದ ಕೆಲಸ ಆಗಲೇ ಮುಗಿದಿದೆ, ಬಾಯಿಗಿಟ್ಟರೆ ಸಾಕು. ಮೇಷ್ಟ್ರು ಅಲ್ಲಿಗೇ ನಿಲ್ಲಿಸುತ್ತಿದ್ದರು. ಆದರೆ ಪದ್ಯದ ನಿಜವಾದ ಮಾತು ಕೊನೆಯಲ್ಲಿದೆ. ಇಂಥ ಕನ್ನಡದಲ್ಲೇ ತಿಳಿದುಕೊಂಡು ಮೋಕ್ಷ ಗಳಿಸಿಕೊಂಡರೆ 'ಸಾಲದೆ, ಸಂಸ್ಕೃತದೊಳಿನ್ನೇನು' ಎಂದು ಕೇಳುತ್ತಾನೆ. ಯಾರೋ 'ಸಾಲದು' ಅಂದಿದ್ದರೆ ತಾನೇ 'ಸಾಲದೆ' ಅನ್ನೋ ಪ್ರಶ್ನೆ ಬರೋದು? ಎದುರಿಗೆ ಒಬ್ಬ ಪಂಡಿತ ಕೂತ ಹಾಗಿದೆ. ಹಾಗಂತ ಇದು ಭಾಷೆ ಸಾಯುತ್ತದೆ ಎಂಬ ಭಯ ಅಲ್ಲ. ಮನೆ, ಸಂತೆ, ಹೊಲದಲ್ಲಿ ಕನ್ನಡ ಆಡುತ್ತಾರೆ ಅನ್ನೋದರಲ್ಲಿ ಅವನಿಗೆ ಅನುಮಾನವೇ ಇಲ್ಲ. ಅವನ ಸಂಕಟ ಇರೋದು ಸ್ಥಾನಮಾನದ ಬಗ್ಗೆ: ದೊಡ್ಡ ವಿಚಾರಕ್ಕೆ ಕನ್ನಡ ಸಾಕಾ ಅನ್ನೋದು.

ಇದನ್ನೇ ಎಲ್ಲ ಕಡೆ ಹಚ್ಚಿದರೆ ಎಡವುತ್ತೇವೆ. ರಾಜರತ್ನಂ ಅವರ ಕುಡುಕ ರತ್ನ, ನರಕಕ್ಕಿಳಿಸಿ ನಾಲಿಗೆ ಸೀಳಿಸಿ ಬಾಯಿ ಹೊಲಿಸಿ ಹಾಕಿದ್ರೂ 'ಮೂಗ್ನಲ್ ಕನ್ನಡ್ ಪದವಾಡ್ತೀನಿ' ಅನ್ನುತ್ತಾನೆ. ನಾಲಿಗೆ ಸೀಳೋ ಮಾತು ಬಂತು, ಹಾಗಾಗಿ ಇದು ಭಾಷೆ ಕಳೆದುಕೊಳ್ಳುವ ದುಃಖ ಅಂತ ಕೆಲವರು ಓದುತ್ತಾರೆ. ನನಗೆ ಹಾಗನ್ನಿಸಲ್ಲ. ಅಲ್ಲಿ ಕನ್ನಡವನ್ನು ಒತ್ತುವ ಬೇರೆ ಭಾಷೆಯೇ ಇಲ್ಲ. ಇರೋದು ನರಕ, ದೇವರು ಮತ್ತು ಅಮಲಿನಲ್ಲಿರುವ ಒಬ್ಬ ಜಂಬಗಾರ. ಬಾಯಿ ಹೊಲಿಸಿ ಹಾಕಿದ್ರೂ ಅನ್ನೋದು ಪಂದ್ಯ ಕಟ್ಟುವವನ ಮಾತು. ಜೊತೆಗೆ ಅವನು ಆಡೋದು ಪಂಡಿತರ ಕನ್ನಡವಲ್ಲ, ಹಕಾರ ನುಂಗುವ ತನ್ನದೇ ಕನ್ನಡ. ಅದರ ಬಗ್ಗೆ ಅವನಿಗೆ ಎಳ್ಳಷ್ಟೂ ಸಂಕೋಚವಿಲ್ಲ.

ಈಗ ಕಾಸರಗೋಡಿಗೆ ಬನ್ನಿ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಾಗ ಅದು ಕೇರಳಕ್ಕೆ ಸೇರಿತು. ಅಲ್ಲಿನ ಕಯ್ಯಾರ ಕಿಞ್ಞಣ್ಣ ರೈ ಬರೆದರು: 'ಬೆಂಕಿ ಬಿದ್ದಿದೆ ಮನೆಗೆ, ಓ ಬೇಗ ಬನ್ನಿ.' ಇಲ್ಲಿ ಹಣ್ಣಿಲ್ಲ, ಹಾಲಿಲ್ಲ, ಹೊಗಳಿಕೆಯೇ ಇಲ್ಲ. 'ಬಿದ್ದಿದೆ' ಅಂದರೆ ಆಗಿಹೋಗಿದೆ, ಮುಂದೆ ಬೀಳಬಹುದು ಅಂತಲ್ಲ. 'ಬನ್ನಿ' ಅಂತ ಕರೆಯೋದು ಗಡಿಯ ಈಚೆ ನೆಮ್ಮದಿಯಾಗಿರುವ ನಮ್ಮನ್ನು. ಕಾಯಬೇಕಾದ್ದನ್ನು ಹೇಳುವಾಗ ಗಡಿ, ಗುಡಿ, ನುಡಿ ಅಂತ ಒಂದರ ಹಿಂದೊಂದು ಬರುತ್ತವೆ. ನುಡಿ ಕೊನೆಗೆ ಬಂದದ್ದು ಬರೀ ಪ್ರಾಸಕ್ಕಲ್ಲ ಅನ್ನಿಸುತ್ತೆ ನನಗೆ. ಗಡಿ ಜಾರಿದ ಮೇಲೆ ಶಾಲೆ, ಕಚೇರಿಗಳ ಭಾಷೆ ಬದಲಾಗುತ್ತದೆ. ಆಮೇಲೆ ಅದು ಮನೆಯೊಳಗೂ ಬರುತ್ತದೆ.