ರಾತ್ರಿ ಬರುವ ಮೂಳೆನೋವು ಮಾತ್ರೆಗೆ ಮಾಯವಾಗುವುದೇಕೆ?

ಮಗನಿಗೆ 14 ವರ್ಷ. ರಾತ್ರಿಯಾದರೆ ಮೊಣಕಾಲ ಕೆಳಗಿನ ಮೂಳೆ ನೋಯುತ್ತದೆ, ಐಬುಪ್ರೊಫೆನ್ ಕೊಟ್ಟರೆ ನಿಲ್ಲುತ್ತದೆ. ಯಾಕೆ?

ಇದು ಆಸ್ಟಿಯಾಯ್ಡ್ ಆಸ್ಟಿಯೋಮಾ ಇರಬಹುದು. ಕಡಲೆಕಾಳಿನಷ್ಟು ಪುಟ್ಟ ಮೂಳೆಗಡ್ಡೆ, ಕ್ಯಾನ್ಸರ್ ಅಲ್ಲ. ನೋವು ಹುಟ್ಟಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಈ ಗಡ್ಡೆಯೇ ಜಾಸ್ತಿ ತಯಾರಿಸುತ್ತದೆ. ಮಾತ್ರೆ ತಡೆಯುವುದು ಅದನ್ನೇ, ಅದಕ್ಕೇ ಅಷ್ಟು ಬೇಗ ಆರಾಮ. ಮಾತ್ರೆಯ ಶಕ್ತಿ ಇಳಿದರೆ ನೋವು ವಾಪಸ್.

ಎಕ್ಸ್‌ರೇಯಲ್ಲಿ ಬರೀ ದಪ್ಪಗಾದ ಮೂಳೆ ಕಾಣಬಹುದು. ಎಂಆರ್‌ಐಯಲ್ಲಿ ಸುತ್ತಲಿನ ಊತವೇ ಎದ್ದು ಕಂಡು, ಸೋಂಕು ಅಂತ ತಪ್ಪು ತಿಳಿಯುವುದುಂಟು. ತೆಳು ಪದರಗಳ ಸಿಟಿ ಸ್ಕ್ಯಾನ್ ಬಗ್ಗೆ ಮೂಳೆ ಡಾಕ್ಟರನ್ನು ಕೇಳಿ. ಅದರಲ್ಲಿ ಬೆಳ್ಳಗಿನ ಗಟ್ಟಿ ಮೂಳೆಯ ನಡುವೆ ಕಪ್ಪು ಚುಕ್ಕೆ, ಕೆಲವೊಮ್ಮೆ ಅದರೊಳಗೊಂದು ಬಿಳಿ ಕಣ ಕಾಣುತ್ತದೆ.

ಖಚಿತವಾದರೆ ಅರಿವಳಿಕೆ ಕೊಟ್ಟು, ಸಿಟಿ ನೋಡುತ್ತಾ ಸೂಜಿ ತೂರಿಸುತ್ತಾರೆ. ಅದರ ತುದಿಯನ್ನು ಸುಮಾರು 90 ಡಿಗ್ರಿಗೆ ಕಾಯಿಸಿ, 5-6 ನಿಮಿಷ ಗಡ್ಡೆಯನ್ನು ಸುಡುತ್ತಾರೆ. ನೋವು ಮರಳಿದರೆ ಮತ್ತೊಮ್ಮೆ ಮಾಡಬಹುದು.