ಸೈನ್‌ಅಪ್ ಜಾಸ್ತಿ, ದುಡ್ಡು ಕಟ್ಟುವವರು ಕಡಿಮೆ: ಆಡ್‌ಗೆ ಯಾವ ಸಿಗ್ನಲ್ ಕಳಿಸಬೇಕು?

ಪ್ರಶ್ನೆ: ನಮ್ಮ ಸಾಫ್ಟ್‌ವೇರ್‌ಗೆ 14 ದಿನದ ಫ್ರೀ ಟ್ರಯಲ್ ಇದೆ, ಕಾರ್ಡ್ ಕೇಳಲ್ಲ. ಆಡ್‌ಗಳಿಂದ ಸೈನ್‌ಅಪ್ ಚೆನ್ನಾಗಿ ಬರ್ತಿದೆ, ಆದ್ರೆ ಕೊನೆಗೆ ದುಡ್ಡು ಕಟ್ಟೋರು ತುಂಬಾ ಕಡಿಮೆ. ಆಡ್‌ಗಳನ್ನ ಪೇಯ್ಡ್ ಗ್ರಾಹಕರಿಗೇ ಆಪ್ಟಿಮೈಜ್ ಮಾಡೋದು ಹೇಗೆ?

ಪೇಮೆಂಟ್ ಆದಾಗ ಆಡ್ ಸಿಸ್ಟಮ್‌ಗೆ ಒಂದು ಸಿಗ್ನಲ್ ಕಳಿಸಿದರೆ ಸಾಕು ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಅದರಿಂದ ಕೆಲಸ ಆಗಲಿಲ್ಲ. ಯಾಕೆ ಅಂದರೆ ಪೇಮೆಂಟ್ ತಡವಾಗಿ ಬರುತ್ತದೆ, ಬರುವುದೂ ಕಡಿಮೆ.

ತಡ ಅಂದರೆ ಹೀಗೆ. ಮೆಟಾದಲ್ಲಿ ಕ್ಲಿಕ್ ಆಗಿ 7 ದಿನದೊಳಗೆ ನಡೆದದ್ದು ಮಾತ್ರ ಆ ಆಡ್‌ನ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಗ್ರಾಹಕ 15ನೇ ದಿನ ದುಡ್ಡು ಕಟ್ಟುತ್ತಾನೆ. ಅಷ್ಟು ಹೊತ್ತಿಗೆ ಮೆಟಾ ಪಾಲಿಗೆ ಅವನು ಯಾರೋ ಏನೋ. ಇನ್ನು ಕಡಿಮೆ ಅಂದರೆ, ಒಂದು ಆಡ್ ಸೆಟ್ ಕಲಿಕೆಯ ಹಂತ ದಾಟಬೇಕಾದರೆ ವಾರಕ್ಕೆ ಸುಮಾರು 50 ಈವೆಂಟ್ ಬೇಕು ಅಂತ ಮೆಟಾನೇ ಹೇಳುತ್ತದೆ. ಗೂಗಲ್ ಆಡ್ಸ್‌ನಲ್ಲಿ ಕ್ಲಿಕ್ ಆದ 90 ದಿನದವರೆಗೂ ಪೇಮೆಂಟ್ ಮಾಹಿತಿ ಅಪ್‌ಲೋಡ್ ಮಾಡಬಹುದು, ಹಾಗಾಗಿ ಅಲ್ಲಿ ತಡ ಅಷ್ಟು ದೊಡ್ಡ ತೊಂದರೆ ಅಲ್ಲ. ಆದರೆ ಸಂಖ್ಯೆ ಕಡಿಮೆ ಅನ್ನುವ ತೊಂದರೆ ಅಲ್ಲೂ ತಪ್ಪಿದ್ದಲ್ಲ.

ಹಾಗಾಗಿ ಸೈನ್‌ಅಪ್‌ಗೂ ಪೇಮೆಂಟ್‌ಗೂ ನಡುವೆ ಇರುವ ಒಂದು ಕೆಲಸವನ್ನು ಹುಡುಕಬೇಕು. ಟ್ರಯಲ್‌ನ ಮೊದಲ ಎರಡು ಮೂರು ದಿನದಲ್ಲೇ ಅದು ನಡೆಯಬೇಕು. ಅದನ್ನು ಮಾಡಿದವರು ಮಾಡದವರಿಗಿಂತ ಎಷ್ಟೋ ಪಾಲು ಜಾಸ್ತಿ ದುಡ್ಡು ಕಟ್ಟುವಂತಿರಬೇಕು. ಸುಮ್ನೆ ಊಹೆ ಮಾಡಿ ಆರಿಸಬೇಡಿ, ನಿಮ್ಮ ಹಳೇ ಡೇಟಾದಲ್ಲಿ ನೋಡಿ ಆರಿಸಿ.

ನಾನು ಕೆಲಸ ಮಾಡಿದ್ದು ಇನ್‌ವಾಯ್ಸ್ ಮಾಡುವ ಒಂದು ಸಾಫ್ಟ್‌ವೇರ್‌ಗೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಹೇಳುತ್ತೇನೆ. ಮೂರು ತಿಂಗಳಲ್ಲಿ 6000 ಟ್ರಯಲ್, ಅದರಲ್ಲಿ ದುಡ್ಡು ಕಟ್ಟಿದವರು 180, ಅಂದರೆ 3%. ವಾರಕ್ಕೆ 14 ಪೇಮೆಂಟ್ ಕೂಡ ಇಲ್ಲ. ಮೊದಲ 3 ದಿನದಲ್ಲಿ ಜನ ಏನೇನು ಮಾಡಿದ್ದಾರೆ ಅಂತ ಒಂದೊಂದಾಗಿ ನೋಡಿದೆವು:

```sql
SELECT invoice_in_3d, COUNT(*) AS trials, SUM(paid) AS paid
FROM trials
WHERE signup_date < CURRENT_DATE - 21
GROUP BY invoice_in_3d;
```

ಆ `WHERE` ಸಾಲನ್ನು ಬಿಡಬೇಡಿ. ಟ್ರಯಲ್ ಇನ್ನೂ ಮುಗಿಯದವರನ್ನು ಸೇರಿಸಿದರೆ ಅವರೆಲ್ಲ ದುಡ್ಡು ಕಟ್ಟದವರ ಲೆಕ್ಕಕ್ಕೆ ಹೋಗುತ್ತಾರೆ.

ತಮ್ಮ ಕಂಪನಿಯ ಲೋಗೋ ಹಾಕಿದವರು 3000 ಜನ, ಅವರಲ್ಲಿ 120 ಮಂದಿ ದುಡ್ಡು ಕಟ್ಟಿದ್ದರು. ಅದು 4%, ಒಟ್ಟು ಸರಾಸರಿಗಿಂತ ಸ್ವಲ್ಪವೇ ಮೇಲೆ. ಇದರಿಂದ ಏನೂ ತಿಳಿಯುವುದಿಲ್ಲ. ಜೊತೆ ಕೆಲಸ ಮಾಡುವವರನ್ನು ಒಳಗೆ ಕರೆದವರು 120, ಅವರಲ್ಲಿ 48 ಮಂದಿ ಗ್ರಾಹಕರಾಗಿದ್ದರು. 40% ಅಂದರೆ ತುಂಬಾ ಒಳ್ಳೆಯ ಗುರುತು. ಆದರೆ ವಾರಕ್ಕೆ ಒಂಬತ್ತೇ ಜನ, ಆಡ್ ಸಿಸ್ಟಮ್ ಕಲಿಯುವುದಕ್ಕೆ ಅದು ಸಾಲದು. ಮೂರನೆಯದು, ಮೊದಲ ಇನ್‌ವಾಯ್ಸ್ ಕಳಿಸಿದವರು. 900 ಜನ ಕಳಿಸಿದ್ದರು, ಅವರಲ್ಲಿ 144 ಮಂದಿ ದುಡ್ಡು ಕಟ್ಟಿದ್ದರು. ಇಲ್ಲಿ 16%. ಉಳಿದ 5100 ಜನರಲ್ಲಿ ಬರೀ 36 ಮಂದಿ, ಅಂದರೆ 0.7%. ವಾರಕ್ಕೆ ಹತ್ತಿರ ಹತ್ತಿರ 70 ಬಾರಿ ನಡೆಯುವ ಕೆಲಸ ಇದು, ಗ್ರಾಹಕರಾದವರಲ್ಲಿ 80% ಜನ ಇದನ್ನು ಮಾಡಿದ್ದಾರೆ. ಇದನ್ನೇ ಆರಿಸಿದೆವು.

ಆದರೆ ಒಂದು ತೊಡಕು ಇತ್ತು. ಎಷ್ಟೋ ಜನ ಹೇಗೆ ಕಾಣುತ್ತದೆ ನೋಡೋಣ ಅಂತ ತಮ್ಮ ಇಮೇಲ್‌ಗೇ ಇನ್‌ವಾಯ್ಸ್ ಕಳಿಸಿಕೊಳ್ಳುತ್ತಿದ್ದರು. ಅದೂ ಲೆಕ್ಕಕ್ಕೆ ಬಂದರೆ ಆಡ್ ಸಿಸ್ಟಮ್ ಅಂಥವರನ್ನೇ ಹುಡುಕಿ ತರುತ್ತದೆ. ಅದಕ್ಕೇ ಇನ್‌ವಾಯ್ಸ್ ಬೇರೆಯವರ ಇಮೇಲ್‌ಗೆ ಹೋಗಿದ್ದರೆ ಮಾತ್ರ ಈವೆಂಟ್ ಕಳಿಸುವುದು ಅಂತ ಮಾಡಿದೆವು. ನೀವು ಯಾವ ಕೆಲಸ ಆರಿಸಿದರೂ ಈ ಪ್ರಶ್ನೆ ಕೇಳಿಕೊಳ್ಳಿ: ಕೊಳ್ಳುವ ಮನಸ್ಸಿಲ್ಲದವನೂ ಸುಲಭವಾಗಿ ಇದನ್ನು ಮಾಡುತ್ತಾನಾ?

ಕಳಿಸುವುದಕ್ಕೆ ಬ್ರೌಸರ್‌ಗಿಂತ ನಿಮ್ಮ ಸರ್ವರ್ ವಾಸಿ, ಯಾಕೆ ಅಂದರೆ ಈ ಕೆಲಸ ನಡೆಯುವುದು ಆಡ್ ನೋಡಿದ ದಿನವೇ ಅಲ್ಲ, ಎಷ್ಟೋ ಸಲ ಬೇರೆ ಸಾಧನದಲ್ಲಿ. ಸೈನ್‌ಅಪ್ ಆಗುವಾಗಲೇ ಗೂಗಲ್‌ನ `gclid`, ಮೆಟಾದ `fbclid` ಅನ್ನುವ ಕ್ಲಿಕ್ ಐಡಿ ಎರಡನ್ನೂ ಆ ಬಳಕೆದಾರನ ದಾಖಲೆಯಲ್ಲಿ ಉಳಿಸಿಕೊಳ್ಳಿ. ಇದನ್ನು ಮರೆತರೆ ಆಮೇಲೆ ಜೋಡಿಸುವುದು ಕಷ್ಟ. ಮೆಟಾಗೆ ಬ್ರೌಸರ್ ಮತ್ತು ಸರ್ವರ್ ಎರಡರಿಂದಲೂ ಕಳಿಸುವುದಾದರೆ ಎರಡಕ್ಕೂ ಒಂದೇ `event_id` ಕೊಡಿ, ಇಲ್ಲದಿದ್ದರೆ ಒಂದು ಈವೆಂಟ್ ಎರಡಾಗಿ ಕಾಣುತ್ತದೆ. ಗೂಗಲ್‌ನಲ್ಲಿ ಹೊಸ ಈವೆಂಟನ್ನು Primary ಮಾಡಿ, ಸೈನ್‌ಅಪ್ ಅನ್ನು Secondary ಗೆ ಇಳಿಸಿ. ಎರಡೂ Primary ಆಗಿದ್ದರೆ ಬಿಡ್ಡಿಂಗ್ ಮತ್ತೆ ಸುಲಭವಾಗಿ ಸಿಗುವ ಸೈನ್‌ಅಪ್ ಕಡೆಗೇ ವಾಲುತ್ತದೆ. ಪೇಮೆಂಟ್ ಮಾಹಿತಿಯನ್ನೂ Secondary ಆಗಿ ಅಪ್‌ಲೋಡ್ ಮಾಡುತ್ತಿರಿ, ವರದಿಗೆ ಬೇಕಾಗುತ್ತದೆ.

ಬದಲಾಯಿಸಿದ ಮೇಲಿನ ಮೊದಲ ಎರಡು ವಾರ ಕಷ್ಟದವು. ಸೈನ್‌ಅಪ್ ಇಳಿಯುತ್ತದೆ, ಒಂದೊಂದು ಸೈನ್‌ಅಪ್‌ನ ಖರ್ಚು ಏರುತ್ತದೆ. ಆಗ ಯಾರೋ ಒಬ್ಬರು ಹಳೆಯದಕ್ಕೇ ವಾಪಸ್ ಹೋಗೋಣ ಅನ್ನುತ್ತಾರೆ. ನಮ್ಮಲ್ಲೂ ಅಂದರು. ಹೀಗಾಗುತ್ತದೆ ಅಂತ ಶುರು ಮಾಡುವ ಮೊದಲೇ ಎಲ್ಲರಿಗೂ ಹೇಳಿಡಿ. ಹೊಸ ರೀತಿಯಲ್ಲಿ ಬಂದ ಮೊದಲ ಗುಂಪಿನ ಟ್ರಯಲ್ ಮುಗಿದು ಒಂದು ವಾರ ಆಗುವವರೆಗೆ, ಅಂದರೆ ಕನಿಷ್ಠ ಮೂರು ವಾರ, ತೀರ್ಪು ಬೇಡ.

ಲೆಕ್ಕವನ್ನು ಸೈನ್‌ಅಪ್ ಆದ ತಾರೀಖಿನ ಪ್ರಕಾರ ಮಾಡಿ. ಈ ವಾರದ ಪೇಮೆಂಟನ್ನು ಈ ವಾರದ ಆಡ್ ಖರ್ಚಿನ ಪಕ್ಕ ಇಟ್ಟರೆ ಹಳೇ ಆಡ್‌ನ ಫಲವನ್ನು ಹೊಸ ಆಡ್‌ಗೆ ಕೊಟ್ಟ ಹಾಗೆ ಆಗುತ್ತದೆ, ಅಲ್ವಾ? ನಮ್ಮಲ್ಲಿ ಮೊದಲು ತಿಂಗಳಿಗೆ 2000 ಸೈನ್‌ಅಪ್, ಅದರಿಂದ 60 ಗ್ರಾಹಕರು. ಅದೇ ಬಜೆಟ್‌ನಲ್ಲಿ ಆಮೇಲೆ ಬಂದದ್ದು 1300 ಸೈನ್‌ಅಪ್. ಅವರಲ್ಲಿ 430 ಜನ ಇನ್‌ವಾಯ್ಸ್ ಕಳಿಸಿದರು, ಒಟ್ಟು 72 ಜನ ದುಡ್ಡು ಕಟ್ಟಿದರು. ಮೂರನೇ ಒಂದು ಭಾಗ ಸೈನ್‌ಅಪ್ ಹೋಯಿತು, ಗ್ರಾಹಕರು 20% ಹೆಚ್ಚಾದರು.

ಇನ್‌ವಾಯ್ಸ್ ಕಳಿಸಿದವರಲ್ಲಿ ದುಡ್ಡು ಕಟ್ಟುವವರ ಆ 16% ಮೇಲೆ ಪ್ರತಿ ತಿಂಗಳೂ ಕಣ್ಣಿಡಿ. ಅದು 10%ಕ್ಕೆ ಇಳಿದರೆ, ಕೆಲಸ ಮಾಡಿ ದುಡ್ಡು ಕಟ್ಟದವರನ್ನು ಆಡ್ ಸಿಸ್ಟಮ್ ಹುಡುಕಿಕೊಂಡಿದೆ ಅಂತ ಅರ್ಥ. ಆಗ ಷರತ್ತನ್ನು ಸ್ವಲ್ಪ ಬಿಗಿ ಮಾಡಬೇಕು, ಉದಾಹರಣೆಗೆ ಎರಡು ಬೇರೆ ಬೇರೆ ಗ್ರಾಹಕರಿಗೆ ಇನ್‌ವಾಯ್ಸ್ ಹೋಗಿರಬೇಕು ಅಂತ.

ನಿಮ್ಮ ಟ್ರಯಲ್‌ಗಳೇ ಕಡಿಮೆ ಇದ್ದು, ಯಾವ ಕೆಲಸ ಆರಿಸಿದರೂ ವಾರಕ್ಕೆ 50 ಸಿಗದಿದ್ದರೆ, ಮೊದಲು ಚೂರುಚೂರಾದ ಆಡ್ ಸೆಟ್‌ಗಳನ್ನು ಒಂದು ಮಾಡಿ. ಆಗಲೂ ಸಾಲದಿದ್ದರೆ ಸ್ವಲ್ಪ ದುರ್ಬಲವಾದರೂ ಜಾಸ್ತಿ ನಡೆಯುವ ಕೆಲಸವನ್ನು ಹಿಡಿಯಿರಿ. ನಮ್ಮ ಸಾಫ್ಟ್‌ವೇರ್‌ನಲ್ಲಾದರೆ ‘ಮೊದಲ ಗ್ರಾಹಕರ ಹೆಸರು ಸೇರಿಸಿದರು’ ಅನ್ನುವಂಥದ್ದು. ಮುಂದೆ ಯಾವಾಗಲಾದರೂ ಟ್ರಯಲ್‌ಗೆ ಕಾರ್ಡ್ ಕೇಳಲು ಶುರು ಮಾಡಿದರೆ ಈ ಲೆಕ್ಕ ಪೂರ್ತಿ ಹೊಸದಾಗಿ ಮಾಡಬೇಕು. ಅಲ್ಲಿ ಕಾರ್ಡ್ ಕೊಟ್ಟದ್ದೇ ಗಟ್ಟಿ ಗುರುತು. ಆದರೆ ಕಾರ್ಡ್ ಕೊಟ್ಟ ಕೂಡಲೇ ರದ್ದು ಮಾಡುವವರೂ ಇರುತ್ತಾರೆ, ಹಾಗಾಗಿ 24 ಗಂಟೆ ಕಾದು, ಇನ್ನೂ ರದ್ದು ಮಾಡದವರ ಈವೆಂಟ್ ಮಾತ್ರ ಕಳಿಸಿ.